ಪ್ರಾಯೋಜಕರ ಹೆಸರು ಹೇಳುವಾಗ ಜಾಹೀರಾತಿನ ದನಿ ಬಾರದಿರಲು

ರಾಜ್ಯೋತ್ಸವವೋ ಗಣೇಶೋತ್ಸವವೋ, ಬಡಾವಣೆಯ ಕಾರ್ಯಕ್ರಮದಲ್ಲಿ ಒಂದು ಗಳಿಗೆ ತಪ್ಪದೆ ಬರುತ್ತದೆ. ನಿರೂಪಕರು ಮಡಚಿದ ಹಾಳೆ ಬಿಡಿಸಿ "ಈ ಕಾರ್ಯಕ್ರಮದ ಪ್ರಾಯೋಜಕರು" ಅಂತ ಶುರು ಮಾಡುತ್ತಾರೆ. ಹಿಂದಿನ ಸಾಲಿನವರು ಎದ್ದು ಚುರುಮುರಿ ಗಾಡಿಯ ಕಡೆ ಹೊರಡುತ್ತಾರೆ. ಮುಂದಿನವರು ಫೋನು ತೆಗೆಯುತ್ತಾರೆ. ಐದು ನಿಮಿಷ ಹೊಗಳಿಸಿಕೊಂಡ ಅಂಗಡಿಯ ಹೆಸರು ಆಮೇಲೆ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ದುಡ್ಡು ಕೊಟ್ಟವರಿಗೂ ನಷ್ಟ, ಕಾರ್ಯಕ್ರಮಕ್ಕೂ ನಷ್ಟ.

ಹೀಗಾಗುವುದು ಹಾಳೆಯಲ್ಲಿ ಬರೆದಿರುವ ಮಾತಿನಿಂದ. ಸಾಮಾನ್ಯವಾಗಿ ಅದು ಅಂಗಡಿಯ ಕರಪತ್ರದಿಂದ ಎತ್ತಿದ ಮಾತಾಗಿರುತ್ತದೆ. ಅಂಗಡಿಯಲ್ಲಿ ಏನೇನು ಸಿಗುತ್ತದೆ ಎಂಬ ಪಟ್ಟಿ ಅದರಲ್ಲಿರುತ್ತದೆ. ಕೂತವರ ಮನಸ್ಸಿನಲ್ಲಿರುವ ಪ್ರಶ್ನೆಯೇ ಬೇರೆ. ಇವತ್ತು ನಾವು ನೋಡುತ್ತಿರುವುದರಲ್ಲಿ, ತಿನ್ನುತ್ತಿರುವುದರಲ್ಲಿ ಇವರ ಪಾಲೇನು? ಅದೊಂದನ್ನು ಹೇಳಿದರೆ ಜನ ಕೇಳುತ್ತಾರೆ, ಚಪ್ಪಾಳೆಯನ್ನೂ ತಟ್ಟುತ್ತಾರೆ. ಈ ಲೇಖನದಲ್ಲಿ ಹೇಳುವ ಕ್ರಮವೆಲ್ಲ ಆ ಒಂದು ಪ್ರಶ್ನೆಗೆ ಉತ್ತರ ಕೊಡುವ ಕ್ರಮ.

ವಿವರಿಸಲು ಒಂದು ಸಂಜೆಯನ್ನು ಇಟ್ಟುಕೊಳ್ಳೋಣ. ಬಡಾವಣೆಯೊಂದರ ಕನ್ನಡ ಸಂಘದ ರಾಜ್ಯೋತ್ಸವ. ಸಂಜೆ 6ಕ್ಕೆ ಶುರು, ರಾತ್ರಿ 9ಕ್ಕೆ ಊಟ. ಪ್ರಾಯೋಜಕರು ನಾಲ್ಕು ಜನ. ವೇದಿಕೆ, ಮೈಕ್, ಬೆಳಕಿನ ಖರ್ಚು ಪೂರ್ತಿ ಒಂದು ಚಿನ್ನದ ಅಂಗಡಿಯದು. ಮಕ್ಕಳ ಬಹುಮಾನ ಒಂದು ಪತ್ತಿನ ಸಹಕಾರ ಸಂಘದ್ದು. ಊಟದ ದಿನಸಿ ಒಂದು ಪ್ರಾವಿಷನ್ ಸ್ಟೋರಿನದು. ಒಂದು ಡಯಾಗ್ನೋಸ್ಟಿಕ್ ಲ್ಯಾಬ್ ₹10,000 ಕೊಟ್ಟಿದೆ, ಯಾವುದಕ್ಕೆ ಅಂತ ಹೇಳಿಲ್ಲ.

ದುಡ್ಡಿನ ಮಾತಾಡುವಾಗಲೇ ಮೈಕಿನ ಮಾತನ್ನೂ ಆಡಿ

ವೇದಿಕೆಯಲ್ಲಿ ಆಗುವ ಎಳೆದಾಟಗಳಲ್ಲಿ ಹೆಚ್ಚಿನವು ಹದಿನೈದು ದಿನ ಮುಂಚೆ ಆಡದೆ ಬಿಟ್ಟ ಮಾತಿನಿಂದ ಬರುತ್ತವೆ. ಚಂದಾ ಕೇಳಲು ಹೋದವರು "ಸ್ಟೇಜ್ ಮೇಲೆ ನಿಮ್ಮ ಹೆಸರು ಚೆನ್ನಾಗಿ ಹೇಳಿಸ್ತೀವಿ ಸಾರ್" ಅಂತ ಹೇಳಿ ಬಂದಿರುತ್ತಾರೆ. ಚೆನ್ನಾಗಿ ಅಂದರೆ ಪ್ರಾಯೋಜಕರ ಲೆಕ್ಕದಲ್ಲಿ ಹತ್ತು ನಿಮಿಷ, ನಿರೂಪಕರ ಲೆಕ್ಕದಲ್ಲಿ ಅರ್ಧ ನಿಮಿಷ. ಹಾಗಾಗಿ ಒಪ್ಪಿಗೆಯಾದ ದಿನವೇ ವಾಟ್ಸಾಪಿನಲ್ಲಿ ನಾಲ್ಕು ಸಾಲು ಕಳಿಸಿ:

"ಸಾರ್, ನಿಮ್ಮ ಸಹಾಯಕ್ಕೆ ಸಂಘದ ಧನ್ಯವಾದ. ಕಾರ್ಯಕ್ರಮದ ದಿನ ವೇದಿಕೆಯಿಂದ ನಿಮ್ಮ ಹೆಸರನ್ನು ಎರಡು ಸಲ ಹೇಳುತ್ತೇವೆ. ಮೊದಲ ಸಲ ಸುಮಾರು ಅರ್ಧ ನಿಮಿಷ, ಕೊನೆಯಲ್ಲಿ ವಂದನಾರ್ಪಣೆಯಲ್ಲಿ ಇನ್ನೊಮ್ಮೆ. ಅಂಗಡಿಯ ಹೆಸರು ಹೇಗೆ ಹೇಳಬೇಕು, ಯಾರು ಬರುತ್ತೀರಿ ಎಂದು ತಿಳಿಸಿ."

ಕೊನೆಯ ಸಾಲಿನಲ್ಲಿ ಕೇಳಿರುವುದು ಎರಡೇ ವಿಷಯ ಅನ್ನುವುದನ್ನು ಗಮನಿಸಿ. "ನಿಮ್ಮ ಬಗ್ಗೆ ಏನು ಹೇಳೋಣ ಸಾರ್?" ಅಂತ ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ಮರುದಿನ ಎರಡು ಪುಟದ ಪಿಡಿಎಫ್ ಬರುತ್ತದೆ. ಅದನ್ನು ಮೊಟಕು ಮಾಡಿದರೆ ಬೇಜಾರು, ಮಾಡದಿದ್ದರೆ ಸಭೆಗೆ ಆಕಳಿಕೆ. ಬದಲಿಗೆ ನೀವೇ ಸಾಲು ಬರೆದು "ಹೀಗೆ ಹೇಳುತ್ತೇವೆ, ಹೆಸರು ಸರಿಯಿದೆಯಾ ನೋಡಿ" ಅಂತ ಕಳಿಸಿ. ಬಹುತೇಕ ಎಲ್ಲರೂ ಹೆಸರು ಮಾತ್ರ ತಿದ್ದಿ ಕಳಿಸುತ್ತಾರೆ.

ಹೆಸರಿನ ವಿಷಯದಲ್ಲಿ ತುಂಬಾ ಎಚ್ಚರ ಬೇಕು. ಇಂಗ್ಲಿಷ್ ಬೋರ್ಡು ನೋಡಿ ಓದಿದರೆ ದೀರ್ಘ, ಒತ್ತು ಎಲ್ಲ ತಪ್ಪುತ್ತವೆ. ಅಂಗಡಿಯವರಿಗೇ ಫೋನ್ ಮಾಡಿ, ಅವರು ಫೋನೆತ್ತಿ ಅಂಗಡಿಯ ಹೆಸರನ್ನು ಹೇಗೆ ಹೇಳುತ್ತಾರೋ ಹಾಗೇ ಕನ್ನಡದಲ್ಲಿ ಬರೆದುಕೊಳ್ಳಿ. "ಅಂಡ್ ಸನ್ಸ್" ಇದೆಯಾ, "ಶ್ರೀ" ಇದೆಯಾ, ತಂದೆಯ ಹೆಸರು ಮೊದಲೋ ಊರಿನ ಹೆಸರು ಮೊದಲೋ, ಇವೆಲ್ಲ ಅವರಿಗೆ ದೊಡ್ಡ ವಿಷಯ. ಹೆಸರು ತಪ್ಪಾಗಿ ಕೇಳಿಸಿದರೆ ಉಳಿದ ಯಾವ ಹೊಗಳಿಕೆಯೂ ಅದನ್ನು ಸರಿಮಾಡುವುದಿಲ್ಲ.

ಇನ್ನು ಲ್ಯಾಬಿನ ₹10,000. ಇಂಥ ದುಡ್ಡು ಖಜಾಂಚಿಯ ಲೆಕ್ಕದಲ್ಲಿ ಸುಮ್ನೆ ಸೇರಿಹೋಗಿರುತ್ತದೆ. ಹೇಳಲು ಏನೂ ಇಲ್ಲದಿರುವುದರಿಂದಲೇ ನಿರೂಪಕರು ಹೊಗಳಿಕೆಗೆ ಇಳಿಯುತ್ತಾರೆ. ಖಜಾಂಚಿಯ ಹತ್ತಿರ ಕೂತು ಆ ದುಡ್ಡಿಗೆ ಒಂದು ಕೆಲಸ ಗೊತ್ತು ಮಾಡಿ. ನಮ್ಮ ಉದಾಹರಣೆಯಲ್ಲಿ ಅದು ಕುರ್ಚಿಯ ಬಾಡಿಗೆಗೆ ಹೋಯಿತು ಅಂದುಕೊಳ್ಳೋಣ. ಈಗ ಲ್ಯಾಬಿನ ಬಗ್ಗೆ ಹೇಳಲು ಒಂದು ನಿಜವಾದ ಮಾತು ಸಿಕ್ಕಿತು.

ಸಾಲು ಬರೆಯುವುದು

ಮೊದಲು ಕಣ್ಣೆದುರಿಗಿರುವ ವಸ್ತು. ಆಮೇಲೆ ಅದನ್ನು ಕೊಟ್ಟವರು. ಕೊನೆಗೆ ಧನ್ಯವಾದ. ಈ ಕ್ರಮದಲ್ಲಿ ಬರೆದರೆ ಹೆಸರು ಬರುವ ಹೊತ್ತಿಗೆ ಜನರ ಗಮನ ತಾನಾಗಿ ಇತ್ತ ತಿರುಗಿರುತ್ತದೆ. ಹೆಸರಿನಿಂದಲೇ ಶುರು ಮಾಡಿದರೆ "ಓಹೋ, ಜಾಹೀರಾತು" ಅಂತ ಕಿವಿ ಮುಚ್ಚಿಕೊಳ್ಳುತ್ತದೆ.

ಚಿನ್ನದ ಅಂಗಡಿಯವರ ಕರಪತ್ರದಿಂದ ಬಂದ ಸಾಲು ಸುಮಾರಾಗಿ ಹೀಗಿರುತ್ತದೆ:

"ನಗರದ ಹೆಸರಾಂತ, ನಂಬಿಕೆಗೆ ಮತ್ತೊಂದು ಹೆಸರಾದ, ಗ್ರಾಹಕರ ಅಚ್ಚುಮೆಚ್ಚಿನ (ಹೆಸರು) ಜುವೆಲ್ಲರ್ಸ್. ಇಲ್ಲಿ ಚಿನ್ನ, ಬೆಳ್ಳಿ, ವಜ್ರದ ಆಭರಣಗಳು ಅತಿ ಕಡಿಮೆ ಮೇಕಿಂಗ್ ಚಾರ್ಜಿನಲ್ಲಿ ಲಭ್ಯ. ಈ ತಿಂಗಳು ವಿಶೇಷ ರಿಯಾಯಿತಿ ಇದೆ. ಒಮ್ಮೆ ಭೇಟಿ ಕೊಡಿ."

ಇದನ್ನು ಹೀಗೆ ಬರೆಯಬಹುದು:

"ಈ ವೇದಿಕೆ, ಈ ಬೆಳಕು, ಕೊನೆಯ ಸಾಲಿನವರೆಗೂ ಕೇಳಿಸುತ್ತಿರುವ ಈ ಮೈಕು, ಇಷ್ಟರ ಪೂರ್ತಿ ಖರ್ಚು ವಹಿಸಿಕೊಂಡವರು ನಮ್ಮ ಎರಡನೇ ಅಡ್ಡರಸ್ತೆಯ (ಹೆಸರು) ಜುವೆಲ್ಲರ್ಸ್. ಇದು ಸತತ ಮೂರನೇ ವರ್ಷ. ಮಾಲೀಕರು ಮನೆಯವರ ಜೊತೆ ಮುಂದಿನ ಸಾಲಿನಲ್ಲೇ ಕೂತಿದ್ದಾರೆ. (ಹೆಸರು) ಜುವೆಲ್ಲರ್ಸ್‌ಗೆ ಸಂಘದ ಪರವಾಗಿ ಧನ್ಯವಾದ."

ಎರಡನೆಯದರಲ್ಲಿ ಒಂದೂ ಹೊಗಳಿಕೆಯ ಮಾತಿಲ್ಲ. ಆದರೂ ಗೌರವ ಕಡಿಮೆಯಾಗಿಲ್ಲ, ಅಲ್ವಾ? "ಸತತ ಮೂರನೇ ವರ್ಷ" ಅನ್ನುವ ನಿಜ ಸಂಗತಿ "ನಂಬಿಕೆಗೆ ಮತ್ತೊಂದು ಹೆಸರು" ಅನ್ನುವುದಕ್ಕಿಂತ ಜಾಸ್ತಿ ತೂಗುತ್ತದೆ. ಹೆಸರು ಎರಡು ಸಲ ಬಂದಿದೆ. ಅಂಗಡಿ ಎಲ್ಲಿದೆ ಅನ್ನುವುದೂ ಗೊತ್ತಾಯಿತು. ಪ್ರಾಯೋಜಕರಿಗೆ ಬೇಕಾದದ್ದು ಸಿಕ್ಕಿದೆ.

ಯಾವುದನ್ನು ಹೊಡೆದುಹಾಕಬೇಕು ಅನ್ನುವುದಕ್ಕೆ ಒಂದು ಒಳ್ಳೆಯ ಅಳತೆಗೋಲು ಅಮೆರಿಕದಲ್ಲಿದೆ. ಅಲ್ಲಿನ ಸಾರ್ವಜನಿಕ ರೇಡಿಯೋ, ಟೀವಿ ಕೇಂದ್ರಗಳು ಜಾಹೀರಾತು ಹಾಕುವಂತಿಲ್ಲ, ಆದರೆ ಹಣ ಕೊಟ್ಟವರನ್ನು ನೆನೆಯಬಹುದು. ಎರಡರ ನಡುವಿನ ಗೆರೆಯನ್ನು ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಎಳೆದಿದೆ. ಹೆಸರು, ಜಾಗ, ಏನು ವ್ಯಾಪಾರ ಅನ್ನುವುದನ್ನು ಬಣ್ಣ ಹಚ್ಚದೆ ಹೇಳಬಹುದು. ಬೆಲೆ ಹೇಳುವಂತಿಲ್ಲ. "ಅತ್ಯುತ್ತಮ", "ಬೇರೆಯವರಿಗಿಂತ" ಅನ್ನುವಂತಿಲ್ಲ. "ಬನ್ನಿ, ಕೊಳ್ಳಿ" ಅಂತ ಕರೆಯುವಂತಿಲ್ಲ. ರಿಯಾಯಿತಿ, ಉಡುಗೊರೆಯ ಆಸೆ ತೋರಿಸುವಂತಿಲ್ಲ. ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಪಡೆದ ಕನ್ನಡ ಕೂಟಗಳಿಗೂ ಹತ್ತಿರಹತ್ತಿರ ಇದೇ ಗೆರೆ ಅನ್ವಯಿಸುತ್ತದೆ. ಪ್ರಾಯೋಜಕರಿಗೆ ಬರೀ ಕೃತಜ್ಞತೆ ಹೇಳಿದರೆ ಒಂದು ಲೆಕ್ಕ, ಅವರ ಮಾಲಿಗೆ ಪ್ರಚಾರ ಕೊಟ್ಟರೆ ತೆರಿಗೆ ಇಲಾಖೆಯ ಹತ್ತಿರ ಬೇರೆ ಲೆಕ್ಕ.

ನಮ್ಮ ಬಡಾವಣೆಯ ಸಂಘಕ್ಕೆ ಎಫ್‌ಸಿಸಿಯ ಹಂಗಿಲ್ಲ. ಆದರೂ ಆ ನಾಲ್ಕನ್ನು ಪೆನ್ಸಿಲಿನಿಂದ ಹೊಡೆದುಹಾಕಿದರೆ ಮೇಲಿನ ಕರಪತ್ರದಲ್ಲಿ ಉಳಿಯುವುದು ಹೆಸರು ಮತ್ತು "ಚಿನ್ನ, ಬೆಳ್ಳಿ, ವಜ್ರದ ಆಭರಣ" ಅನ್ನುವುದು ಮಾತ್ರ. ಅದರಲ್ಲೂ ಆಭರಣದ ಪಟ್ಟಿ ಬೇಕಿಲ್ಲ, ಜುವೆಲ್ಲರ್ಸ್ ಅಂದಮೇಲೆ ಗೊತ್ತಾಗುತ್ತದೆ. ಫೋನ್ ನಂಬರನ್ನು ಮೈಕಿನಲ್ಲಿ ಓದಲೇಬೇಡಿ. ಹತ್ತು ಅಂಕಿಯನ್ನು ಕತ್ತಲಲ್ಲಿ ಕೂತು ಯಾರೂ ಬರೆದುಕೊಳ್ಳುವುದಿಲ್ಲ. ಅದು ಬ್ಯಾನರಿನಲ್ಲಿ, ಆಹ್ವಾನ ಪತ್ರಿಕೆಯಲ್ಲಿ ಇರಲಿ.

ನಮ್ಮಲ್ಲೂ ತೆರಿಗೆಯ ಕಡೆಯಿಂದ ಇಂಥದೇ ಒಂದು ಗೆರೆ ಇದೆ ಅನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ. ಧರ್ಮಾರ್ಥ ಸಂಸ್ಥೆಗಳಿಗೆ ವ್ಯಕ್ತಿಗಳು ಕೊಟ್ಟ ದಾನದ ಬಗ್ಗೆ 2019ರ ಅಕ್ಟೋಬರಿನಲ್ಲಿ ಜಿಎಸ್‌ಟಿ ಸುತ್ತೋಲೆ ಬಂತು. ದಾನಿಯ ಹೆಸರನ್ನು ಕೃತಜ್ಞತೆಗಾಗಿ ಹಾಕಿದ್ದು, ಅದರಲ್ಲಿ ಅವರ ವ್ಯಾಪಾರದ ಪ್ರಚಾರ ಇಲ್ಲದಿದ್ದರೆ ಆ ದಾನಕ್ಕೆ ಜಿಎಸ್‌ಟಿ ಇಲ್ಲ ಅಂತ ಅದು ಹೇಳುತ್ತದೆ. ತಂದೆಯ ನೆನಪಿಗೆ ಮಗಳು ದೇವಸ್ಥಾನಕ್ಕೆ ಕೊಟ್ಟದ್ದು ಅಂತ ಬಾಗಿಲ ಮೇಲೋ ನೆಲದ ಮೇಲೋ ಬರೆಸುವಂಥ ಉದಾಹರಣೆಯೇ ಅದರಲ್ಲಿದೆ. ಅಂಗಡಿ, ಕಂಪನಿಗಳು ಪ್ರಚಾರಕ್ಕೆಂದೇ ಕೊಡುವ ಹಣದ ಲೆಕ್ಕ ಬೇರೆ. ನಿಮ್ಮದು ನೋಂದಾಯಿತ ಟ್ರಸ್ಟ್ ಅಥವಾ ಸಂಘವಾಗಿದ್ದರೆ, ದೊಡ್ಡ ಮೊತ್ತ ಬರುವ ಮುಂಚೆ ಆಡಿಟರನ್ನು ಕೇಳಿಕೊಳ್ಳಿ.

ಉಳಿದ ಮೂವರ ಸಾಲುಗಳು ಇನ್ನೂ ಚಿಕ್ಕವು. ಸಹಕಾರ ಸಂಘದ್ದು: "ಈಗ ಮಕ್ಕಳ ಕೈಗೆ ಹೋಗುತ್ತಿರುವ ಪುಸ್ತಕ, ಪೆನ್ನು, ಪಾರಿತೋಷಕ ಎಲ್ಲ (ಹೆಸರು) ಪತ್ತಿನ ಸಹಕಾರ ಸಂಘದವರ ಕೊಡುಗೆ. ಅವರಿಗೆ ಒಂದು ಚಪ್ಪಾಳೆ." ಲ್ಯಾಬಿನದು: "ನಾವೆಲ್ಲ ಕೂತಿರುವ ಈ ಕುರ್ಚಿಗಳ ಬಾಡಿಗೆ ಕೊಟ್ಟವರು ಬಸ್ ಸ್ಟ್ಯಾಂಡ್ ಎದುರಿನ (ಹೆಸರು) ಡಯಾಗ್ನೋಸ್ಟಿಕ್ಸ್. ಅವರಿಗೆ ಧನ್ಯವಾದ." ದಿನಸಿಯದು ಊಟಕ್ಕೆ ಏಳುವ ಮುಂಚೆ: "ಬಿಸಿಬೇಳೆಬಾತ್, ಮೊಸರನ್ನ, ಜಿಲೇಬಿ ತಯಾರಿದೆ. ಈ ಅಡುಗೆಗೆ ಅಕ್ಕಿ, ಬೇಳೆ, ಎಣ್ಣೆ ಕೊಟ್ಟವರು ಮಾರ್ಕೆಟ್ ರಸ್ತೆಯ (ಹೆಸರು) ಪ್ರಾವಿಷನ್ ಸ್ಟೋರ್ಸ್. ಅವರಿಗೆ ನಮ್ಮೆಲ್ಲರ ಧನ್ಯವಾದ. ಊಟ ಬಲಗಡೆ ಶಾಮಿಯಾನದಲ್ಲಿ, ಹಿರಿಯರಿಗೆ ಕುರ್ಚಿ ಹಾಕಿದೆ."

ಊಟದ ಸಾಲಿನಲ್ಲಿ ಅಂಗಡಿಯ ಹೆಸರು ಎರಡು ಉಪಯೋಗದ ಮಾತುಗಳ ನಡುವೆ ಕೂತಿದೆ. ಊಟ ಎಲ್ಲಿ ಅಂತ ತಿಳಿಯಲು ಜನ ಹೇಗೂ ಕಿವಿಗೊಟ್ಟಿರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಡೀ ಸಂಜೆಯಲ್ಲಿ ಪ್ರಾಯೋಜಕರ ಹೆಸರು ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಗಡಿಯಾರ ಇಟ್ಟು ಓದಿ

ವೇದಿಕೆಯ ಮೇಲೆ ನಿಧಾನವಾಗಿ, ಬಿಡಿಸಿ ಓದಿದರೆ ಒಂದು ನಿಮಿಷಕ್ಕೆ ಸುಮಾರು ತೊಂಬತ್ತರಿಂದ ನೂರು ಕನ್ನಡ ಪದ ಹಿಡಿಯುತ್ತದೆ. ಹಾಗಾಗಿ ಮುಖ್ಯ ಪ್ರಾಯೋಜಕರಿಗೆ ನಲವತ್ತು ಪದದ ಒಳಗೆ, ಉಳಿದವರಿಗೆ ಹದಿನೈದರಿಂದ ಇಪ್ಪತ್ತು ಪದ ಸಾಕು. ಮನೆಯಲ್ಲಿ ಫೋನಿನ ಸ್ಟಾಪ್‌ವಾಚ್ ಹಾಕಿಕೊಂಡು ಜೋರಾಗಿ ಓದಿ. ಮನಸ್ಸಿನಲ್ಲಿ ಓದಿದರೆ ಲೆಕ್ಕ ತಪ್ಪುತ್ತದೆ, ಯಾಕಂದರೆ ಚಪ್ಪಾಳೆಗೆ ಕಾಯುವ ಹೊತ್ತು ಅದರಲ್ಲಿ ಸೇರುವುದಿಲ್ಲ.

ಹೊತ್ತಿನ ಬಗ್ಗೆ ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ, ಶಬ್ದ ಮಾಲಿನ್ಯದ 2000ದ ನಿಯಮಗಳ ಪ್ರಕಾರ ಸಾಮಾನ್ಯವಾಗಿ ತೆರೆದ ಜಾಗದಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ. ಶುರುವಿನಲ್ಲಿ ಪ್ರಾಯೋಜಕರಿಗೆ ಹೋದ ಇಪ್ಪತ್ತು ನಿಮಿಷ ಕೊನೆಯಲ್ಲಿ ಯಾರ ಬುಡಕ್ಕೆ ಬರುತ್ತದೆ? ವಾರಗಟ್ಟಲೆ ಅಭ್ಯಾಸ ಮಾಡಿ, ವೇಷ ಹಾಕಿಕೊಂಡು ಕಾಯುತ್ತಿರುವ ಮಕ್ಕಳ ಬುಡಕ್ಕೆ. "ಸಮಯದ ಅಭಾವದಿಂದ" ಅಂತ ಅವರ ಹಾಡನ್ನು ಅರ್ಧಕ್ಕೆ ನಿಲ್ಲಿಸುವುದು ನೋಡಲಾಗದ ದೃಶ್ಯ.

ಯಾವಾಗ ಹೇಳುವುದು

ನಾಲ್ಕೂ ಹೆಸರನ್ನು ಒಟ್ಟಿಗೆ ಹೇಳಬೇಡಿ. ಅದದರ ಜಾಗದಲ್ಲಿ ಹಂಚಿ. ಚಿನ್ನದ ಅಂಗಡಿ, ಸ್ವಾಗತವಾಗಿ ಮೊದಲ ನೃತ್ಯ ಮುಗಿದ ಮೇಲೆ. ಜನ ಬಂದು ಕೂತಿರುತ್ತಾರೆ, ಬೆಳಕು ಮೈಕು ಎಲ್ಲ ಕೆಲಸ ಮಾಡುವುದನ್ನು ಆಗಲೇ ನೋಡಿರುತ್ತಾರೆ. ಲ್ಯಾಬು, ತಬಲಾ ಶ್ರುತಿ ಮಾಡುವಾಗಲೋ ಸ್ಟ್ಯಾಂಡ್ ಮೈಕು ಸರಿಸುವಾಗಲೋ ಸಿಗುವ ಬಿಡುವಿನಲ್ಲಿ. ಸಹಕಾರ ಸಂಘ, ಬಹುಮಾನ ಕೊಡುವ ಹೊತ್ತಿನಲ್ಲಿ. ದಿನಸಿ, ಊಟಕ್ಕೆ ಮುಂಚೆ.

ಕೆಲವು ಜಾಗಗಳು ಬೇಡವೇ ಬೇಡ. ನಾಡಗೀತೆ ಮುಗಿದ ಕೂಡಲೇ ಬೇಡ. ತೀರಿಹೋದ ಹಿರಿಯರನ್ನು ನೆನೆದು ಮೌನ ಆಚರಿಸಿದ ಮೇಲೆ ಬೇಡ. ಒಬ್ಬ ಗಾಯಕಿ ಚೆನ್ನಾಗಿ ಹಾಡಿ, ಸಭೆ ಇನ್ನೂ ಚಪ್ಪಾಳೆ ತಟ್ಟುತ್ತಿರುವಾಗ ನಡುವೆ ನುಗ್ಗಬೇಡಿ. ಆ ಚಪ್ಪಾಳೆ ಅವರದು.

ದನಿಯ ಬಗ್ಗೆಯೂ ಒಂದು ಮಾತು. ಅನೇಕ ನಿರೂಪಕರು ಪ್ರಾಯೋಜಕರ ಸಾಲು ಬಂದ ಕೂಡಲೇ ದನಿ ಏರಿಸಿ, ರೇಡಿಯೋ ಜಾಹೀರಾತಿನ ಹಾಗೆ ಎಳೆಯುತ್ತಾರೆ. ಮುಂದಿನ ಹಾಡಿನ ಹೆಸರನ್ನು ಹೇಗೆ ಹೇಳಿದಿರೋ ಅದೇ ದನಿಯಲ್ಲಿ ಇದನ್ನೂ ಹೇಳಿ. ಹಿನ್ನೆಲೆ ಸಂಗೀತ ಬೇಡ ಅಂತ ಮೈಕ್‌ಸೆಟ್‌ನವರಿಗೆ ಮುಂಚೆಯೇ ತಿಳಿಸಿ. ಎಲ್‌ಇಡಿ ಪರದೆ ಇದ್ದರೆ ಅಂಗಡಿಯ ಚಿಹ್ನೆ ಅಲುಗಾಡದೆ ನಿಂತಿರಲಿ. ಅಲ್ಲಿ ಜಿಂಗಲ್ ಸಮೇತ ವಿಡಿಯೋ ಓಡಿದರೆ ನೀವು ಎಷ್ಟು ಮೆತ್ತಗೆ ಮಾತಾಡಿದರೂ ಪ್ರಯೋಜನವಿಲ್ಲ.

ಶಾಲು, ಹಾರ, ಫೋಟೋ

ಮಾತಿಗಿಂತ ಜಾಸ್ತಿ ಹೊತ್ತು ನುಂಗುವುದು ಸನ್ಮಾನ. ಒಬ್ಬರನ್ನು ಕರೆದು, ಅವರು ಹಿಂದಿನ ಸಾಲಿನಿಂದ ಎದ್ದು ಬಂದು, ಚಪ್ಪಲಿ ಬಿಟ್ಟು, ಮೆಟ್ಟಿಲು ಹತ್ತಿ, ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲ ಕೊಟ್ಟು, ಫೋಟೋ ತೆಗೆಯುವಷ್ಟರಲ್ಲಿ ಎರಡು ನಿಮಿಷ ಸುಲಭವಾಗಿ ಹೋಗುತ್ತದೆ. ಆ ಎರಡು ನಿಮಿಷ ತುಂಬಿಸಲು ನಿರೂಪಕರು ಮತ್ತೆ ಹೊಗಳಲು ಶುರು ಮಾಡುತ್ತಾರೆ.

ಹಾಗಾಗಿ ನಾಲ್ವರನ್ನೂ ಒಟ್ಟಿಗೆ ಕರೆಯಿರಿ, ಒಂದೇ ಸಲ. ಸನ್ಮಾನಕ್ಕೆ ಒಂದು ಹಾಡು ಮುಂಚೆ ಸ್ವಯಂಸೇವಕರೊಬ್ಬರು ಹೋಗಿ "ಸಾರ್, ಈಗ ನಿಮ್ಮನ್ನು ಕರೀತಾರೆ, ಮೆಟ್ಟಿಲ ಹತ್ತಿರ ಬನ್ನಿ" ಅಂತ ಅವರನ್ನು ಕರೆತಂದು ನಿಲ್ಲಿಸಲಿ. ಶಾಲುಗಳನ್ನು ಪ್ಲಾಸ್ಟಿಕ್ ಕವರಿನಿಂದ ಬಿಚ್ಚಿ, ಮಡಿಕೆ ಬಿಡಿಸಿ ತಟ್ಟೆಯಲ್ಲಿ ಇಟ್ಟಿರಲಿ. ಶಾಲು ಹೊದಿಸುವವರು ನಾಲ್ಕು ಜನ ಇದ್ದರೆ ಎಲ್ಲರಿಗೂ ಏಕಕಾಲಕ್ಕೆ ಆಗುತ್ತದೆ. ಹೆಸರು ಓದುವುದು, ಒಂದು ಫೋಟೋ, ಚಪ್ಪಾಳೆ. ಅವರು ಕೊಟ್ಟದ್ದೇನು ಅನ್ನುವುದು ಅದದರ ಜಾಗದಲ್ಲಿ ಬರುವುದರಿಂದ ಇಲ್ಲಿ ವಿವರ ಬೇಕಿಲ್ಲ.

"ಎರಡು ಮಾತು ಆಡ್ತೀನಿ" ಅನ್ನುವವರು ಇರುತ್ತಾರೆ. ಇಲ್ಲ ಅನ್ನುವುದು ಕಷ್ಟ. ಮೈಕನ್ನು ಕೈಗೆ ಕೊಡದೆ ನೀವೇ ಹಿಡಿದು ಒಂದು ಪ್ರಶ್ನೆ ಕೇಳಿ. "ಸಾರ್, ನೀವು ನಮ್ಮ ಬಡಾವಣೆಗೆ ಬಂದಾಗ ಇಲ್ಲಿ ಏನಿತ್ತು?" ಅಂಥ ಪ್ರಶ್ನೆಗೆ ಅವರು ಕೆರೆಯ ಬಗ್ಗೆಯೋ ಮಣ್ಣು ರಸ್ತೆಯ ಬಗ್ಗೆಯೋ ಹೇಳುತ್ತಾರೆ. ಜನ ಕುತೂಹಲದಿಂದ ಕೇಳುತ್ತಾರೆ, ಅವರ ಮೇಲೆ ಪ್ರೀತಿಯೂ ಬರುತ್ತದೆ. ವ್ಯಾಪಾರದ ಮಾತು ಬರಲು ಆಸ್ಪದವೇ ಇರುವುದಿಲ್ಲ. ಪ್ರಶ್ನೆಯನ್ನು ಮುಂಚೆಯೇ ಅವರಿಗೆ ಹೇಳಿಟ್ಟರೆ ಇನ್ನೂ ಒಳ್ಳೆಯದು, ತಡವರಿಸುವುದಿಲ್ಲ.

ನಡುವೆ ಬರುವ ಚೀಟಿ

ಎಷ್ಟೇ ಸಿದ್ಧತೆ ಮಾಡಿದ್ದರೂ ಎಂಟೂವರೆ ಹೊತ್ತಿಗೆ ಕಾರ್ಯದರ್ಶಿಗಳು ವೇದಿಕೆಯ ಪಕ್ಕದಿಂದ ಒಂದು ಚೀಟಿ ತಂದು ಕೊಡುತ್ತಾರೆ. "ಇವರ ಹೆಸರು ಬಿಟ್ಟುಹೋಗಿದೆ, ಈಗಲೇ ಹೇಳಿ." ಕೈಬರಹ ಓದಲು ಬರುವುದಿಲ್ಲ, ಏನು ಕೊಟ್ಟಿದ್ದಾರೆ ಅಂತಲೂ ಬರೆದಿರುವುದಿಲ್ಲ. ಓದಿದರೆ ಹೆಸರು ತಪ್ಪಬಹುದು, ಓದದಿದ್ದರೆ ಕಾರ್ಯದರ್ಶಿಗಳಿಗೆ ಮುಜುಗರ.

ಚೀಟಿ ಕೊಟ್ಟವರನ್ನು ಅಲ್ಲೇ ನಿಲ್ಲಿಸಿ ಎರಡು ವಿಷಯ ಕೇಳಿ. ಹೆಸರು ಹೇಗೆ ಹೇಳುವುದು, ಏನು ಕೊಟ್ಟರು. ಮುಂದಿನ ಬಿಡುವಿನಲ್ಲಿ ಒಂದೇ ಸಾಲಿನಲ್ಲಿ ಹೇಳಿ: "ಕರೆಂಟ್ ಹೋದರೂ ಕಾರ್ಯಕ್ರಮ ನಿಲ್ಲದಿರಲಿ ಅಂತ ಜನರೇಟರ್ ಕೊಟ್ಟವರು ಶ್ರೀ (ಹೆಸರು) ಅವರು. ಅವರಿಗೆ ಧನ್ಯವಾದ." ಕ್ಷಮಾಪಣೆಯ ಪೀಠಿಕೆ ಬೇಡ. "ಮರೆತುಬಿಟ್ಟಿದ್ದೆವು" ಅಂದರೆ ಮರೆತದ್ದು ಎಲ್ಲರಿಗೂ ಗೊತ್ತಾಗುತ್ತದೆ.

ಇಂಥ ಚೀಟಿ ಕಡಿಮೆಯಾಗಬೇಕಾದರೆ ಕಾರ್ಯಕ್ರಮದ ದಿನ ಮಧ್ಯಾಹ್ನವೇ ಖಜಾಂಚಿಯ ರಸೀದಿ ಪುಸ್ತಕದ ಎದುರು ನಿಮ್ಮ ಪಟ್ಟಿ ಇಟ್ಟು ಒಂದೊಂದೇ ಹೆಸರಿಗೆ ಗುರುತು ಹಾಕಿ. ದುಡ್ಡು ಕೊಡದೆ ವಸ್ತು ಕೊಟ್ಟವರ ಹೆಸರು ರಸೀದಿ ಪುಸ್ತಕದಲ್ಲಿ ಇರುವುದಿಲ್ಲ. ಜನರೇಟರ್, ಹೂವು, ನೀರಿನ ಕ್ಯಾನು, ವಾಹನ ಕೊಟ್ಟವರನ್ನು ಬೇರೆಯಾಗಿ ಕೇಳಿ ಬರೆದುಕೊಳ್ಳಿ. ಬಿಟ್ಟುಹೋಗುವ ಹೆಸರುಗಳು ಸಾಮಾನ್ಯವಾಗಿ ಇವರದೇ. ಹೆಚ್ಚು ಕಷ್ಟಪಟ್ಟವರೂ ಎಷ್ಟೋ ಸಲ ಇವರೇ ಆಗಿರುತ್ತಾರೆ.

₹500, ₹1,000 ಚಂದಾ ಕೊಟ್ಟ ನೂರಾರು ಮನೆಗಳ ಹೆಸರನ್ನು ಮೈಕಿನಲ್ಲಿ ಓದಲು ಆಗುವುದಿಲ್ಲ. ಅವನ್ನು ಪ್ರವೇಶದ ಹತ್ತಿರ ದೊಡ್ಡ ಅಕ್ಷರದ ಪಟ್ಟಿಯಾಗಿ ಹಾಕಿ, ಮೊತ್ತ ಬರೆಯದೆ, ಅಕಾರಾದಿಯಾಗಿ. ವೇದಿಕೆಯಿಂದ "ಚಂದಾ ಕೊಟ್ಟ ಎಲ್ಲ ಮನೆಗಳ ಹೆಸರು ಬಾಗಿಲ ಬಳಿ ಇದೆ, ನಿಮ್ಮದು ಬಿಟ್ಟಿದ್ದರೆ ದಯವಿಟ್ಟು ತಿಳಿಸಿ" ಅನ್ನಿ. ಕೆಲವರನ್ನು ಮಾತ್ರ ಓದಿ "ಮುಂತಾದವರು" ಅಂತ ಮುಗಿಸಬೇಡಿ. ಆ ಮುಂತಾದವರಲ್ಲಿ ಸೇರಿಹೋದವರು ಮುಂದಿನ ವರ್ಷ ಬಾಗಿಲು ತೆರೆಯುವುದಿಲ್ಲ.

ವಂದನಾರ್ಪಣೆ

ಕೊನೆಯಲ್ಲಿ ಹೆಸರುಗಳು ಇನ್ನೊಮ್ಮೆ ಬರುತ್ತವೆ. ಏನು ಕೊಟ್ಟರು ಅಂತ ಆಗಲೇ ಹೇಳಿ ಆಗಿದೆ, ಆದ್ದರಿಂದ ಇಲ್ಲಿ ಬರೀ ನಾಲ್ಕು ಹೆಸರು, ಒಂದು ಧನ್ಯವಾದ. ವಂದನಾರ್ಪಣೆ ಮಾಡುವವರು ಬೇರೆಯವರಾಗಿದ್ದರೆ ನಿಮ್ಮ ಪಟ್ಟಿಯ ಪ್ರತಿಯನ್ನೇ ಅವರಿಗೂ ಕೊಡಿ. ಅವರು ತಮ್ಮದೇ ಪಟ್ಟಿ ತಂದರೆ ಒಬ್ಬರ ಹೆಸರು ಬಿಡುತ್ತದೆ, ಇನ್ನೊಬ್ಬರದು ಬೇರೆ ರೀತಿ ಆಗುತ್ತದೆ.

ಮರುದಿನ ಪ್ರತಿ ಪ್ರಾಯೋಜಕರಿಗೂ ಅವರ ಹೆಸರು ಹೇಳಿದ ತುಣುಕಿನ ವಿಡಿಯೋ ಮತ್ತು ವೇದಿಕೆಯ ಫೋಟೋ ಕಳಿಸಿ. ಇದಕ್ಕಾಗಿ ಸ್ವಯಂಸೇವಕರೊಬ್ಬರಿಗೆ ಮುಂಚೆಯೇ ಹೇಳಿಟ್ಟಿರಬೇಕು, ಫೋಟೋಗ್ರಾಫರ್ ಆ ಅರ್ಧ ನಿಮಿಷದಲ್ಲಿ ಎಲ್ಲಿರುತ್ತಾರೋ ಹೇಳಲಾಗದು. ಚಪ್ಪಾಳೆಯ ಸದ್ದು ಅದರಲ್ಲಿ ಸೇರಿರಲಿ. ಅಂಗಡಿಯವರು ಅದನ್ನು ತಮ್ಮ ಸ್ಟೇಟಸ್‌ಗೆ ಹಾಕಿಕೊಳ್ಳುತ್ತಾರೆ, ಅಲ್ಲಿ ಬೇಕಾದರೆ ತಮ್ಮ ರಿಯಾಯಿತಿಯ ಮಾತನ್ನೂ ಸೇರಿಸಿಕೊಳ್ಳಲಿ.